ಅಡಿಕೆ ಸುಲಿಯುವ ಯಂತ್ರಕ್ಕೆ ಮೇಳದ ಮಳಿಗೆ ಮತ್ತು ಕರಪತ್ರ: ಶಿರಸಿಯ ಒಂದು ಕೆಲಸದ ಪೂರ್ಣ ವಿವರ

ಯಂತ್ರ ತಯಾರಿಸುವುದು ಶಿರಸಿಯ ಒಂದು ಸಣ್ಣ ವರ್ಕ್‌ಶಾಪ್. ಯಂತ್ರ ಒಣ ಅಡಿಕೆ ಸುಲಿಯುವಂಥದ್ದು: 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್, ಉದ್ದ 4 ಅಡಿ, ಅಗಲ ಎರಡೂವರೆ ಅಡಿ, ತೂಕ ಸುಮಾರು 140 ಕೆಜಿ. ಕೃಷಿ ಮೇಳದಲ್ಲಿ ಸಿಕ್ಕಿದ್ದು 10 ಅಡಿ ಉದ್ದ 10 ಅಡಿ ಅಗಲದ ಶಾಮಿಯಾನದ ಮಳಿಗೆ. ಮೂರು ಕಡೆ ಬಟ್ಟೆಯ ಗೋಡೆ, ಮುಂದೆ ತೆರೆದ ಜಾಗ, ಒಂದು ಟೇಬಲ್, ಎರಡು ಕುರ್ಚಿ, ಎರಡು ದೀಪ, ಒಂದು ಪ್ಲಗ್. ಈ ಜಾಗಕ್ಕೆ ಹಿಂಬದಿಯ ಫಲಕ, ಪ್ರಾತ್ಯಕ್ಷಿಕೆಯ ವ್ಯವಸ್ಥೆ ಮತ್ತು ಕೈಗೆ ಕೊಡುವ ಕರಪತ್ರ, ಈ ಮೂರನ್ನೂ ಮಾಡಿದ ಕ್ರಮವನ್ನು ಇಲ್ಲಿ ಬರೆದಿದೆ.

ಹಣ್ಣಡಿಕೆಯನ್ನು ಒಣಗಿಸಿ ಸುಲಿದು ಚಾಲಿ ಮಾಡುವ ಬೆಳೆಗಾರ ಸುಲಿಯುವ ಯಂತ್ರದ ಮುಂದೆ ನಿಂತಾಗ ಅವನಿಗೆ ಬೇಕಾದ ಮೊದಲ ಉತ್ತರ ವೇಗದ್ದಲ್ಲ. ಒಡಕು ಎಷ್ಟು ಬರುತ್ತದೆ ಎಂಬುದು ಮೊದಲ ಪ್ರಶ್ನೆ. ಒಡೆದ ಚಾಲಿಗೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ, ಆ ನಷ್ಟ ಸುಲಿಯುವ ಕೂಲಿಯ ಉಳಿತಾಯವನ್ನು ತಿಂದುಹಾಕಬಹುದು. ಎರಡನೆಯ ಪ್ರಶ್ನೆ, ಸುಲಿಯದೆ ಹಾಗೇ ಹೊರಬರುವ ಕಾಯಿ ಎಷ್ಟು. ಗಂಟೆಗೆ ಎಷ್ಟು ಕೆಜಿ ಎನ್ನುವುದು ಮೂರನೆಯದು. ಮಳಿಗೆಯ ಜೋಡಣೆಯಾಗಲಿ ಕರಪತ್ರದ ಪುಟಗಳಾಗಲಿ ಈ ಕ್ರಮವನ್ನೇ ಹಿಡಿದವು. ಅದಕ್ಕೂ ಮೊದಲು ಈ ಮೂರಕ್ಕೂ ಅಳೆದ ಉತ್ತರ ಕೈಯಲ್ಲಿರಬೇಕು. ಹಾಗಾಗಿ ವಿನ್ಯಾಸದ ಕೆಲಸ ಶುರುವಾದದ್ದು ಕಂಪ್ಯೂಟರಿನಲ್ಲಿ ಅಲ್ಲ, ವರ್ಕ್‌ಶಾಪಿನ ನೆಲದ ಮೇಲೆ.

ಮೊದಲು ಅಳತೆ

ಸಿಪ್ಪೆ ಸಮೇತ ಒಣಗಿದ ಗೋಟಡಿಕೆಯ ಒಂದೇ ರಾಶಿಯಿಂದ ಆರಿಸದೆ 1,000 ಕಾಯಿ ಎಣಿಸಿಕೊಳ್ಳಬೇಕು. ಆರಿಸದೆ ಎನ್ನುವುದು ಮುಖ್ಯ. ಒಂದೇ ಗಾತ್ರದ ಕಾಯಿಗಳನ್ನು ಹೆಕ್ಕಿ ಹಾಕಿದರೆ ಯಾವ ಯಂತ್ರವೂ ಚೆನ್ನಾಗಿಯೇ ಸುಲಿಯುತ್ತದೆ, ಆದರೆ ಆ ಫಲಿತಾಂಶ ಬೆಳೆಗಾರನ ಅಂಗಳದಲ್ಲಿ ನಿಲ್ಲುವುದಿಲ್ಲ. ಕಾಯಿ ಸರಿಯಾಗಿ ಒಣಗಿದೆಯೇ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಒಳಗೆ ಅಡಿಕೆ ಗಡಗಡ ಎಂದರೆ ಅದು ಸಿಪ್ಪೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ಸದ್ದು ಬಾರದ ಕಾಯಿಯಲ್ಲಿ ಇನ್ನೂ ತೇವ ಇದೆ.

ಯಂತ್ರವನ್ನು ಖಾಲಿ ಓಡಿಸಿ ವೇಗಕ್ಕೆ ಬಂದಮೇಲೆ ಕಾಯಿ ಹಾಕಲು ಶುರುಮಾಡಿ, ಕೊನೆಯ ಕಾಯಿ ಹೊರಬರುವವರೆಗೆ ಹೊತ್ತು ನೋಡಬೇಕು. ಆಮೇಲೆ ಬಂದದ್ದನ್ನೆಲ್ಲ ಚಾದರದ ಮೇಲೆ ಹರವಿ ಮೂರು ಪಾಲು ಮಾಡಿ ಎಣಿಸಬೇಕು: ಪೂರ್ತಿ ಸುಲಿದ ಇಡೀ ಅಡಿಕೆ, ಒಡೆದದ್ದು ಅಥವಾ ಚಕ್ಕೆ ಎದ್ದದ್ದು, ಸುಲಿಯದೆ ಉಳಿದದ್ದು. ಇದನ್ನು ತೂಕದಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಸುಲಿಯದ ಕಾಯಿಯಲ್ಲಿ ಸಿಪ್ಪೆಯ ತೂಕವೂ ಸೇರಿರುವುದರಿಂದ ಅದು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಒಡಕಿನ ಪಾಲು ಕಡಿಮೆಯಾಗಿ ಕಾಣುತ್ತದೆ.

ಈ ಯಂತ್ರದ ಲೆಕ್ಕ ಹೀಗೆ ಬಂತು. 1,000 ಕಾಯಿಗೆ 6 ನಿಮಿಷ ಹಿಡಿಯಿತು. ಇಡಿಯಾಗಿ ಸುಲಿದದ್ದು 930, ಸುಲಿಯದೆ ಉಳಿದದ್ದು 45, ಒಡಕು 25. ಆ 930 ಅಡಿಕೆಯ ತೂಕ 7 ಕೆಜಿ 400 ಗ್ರಾಂ. 6 ನಿಮಿಷಕ್ಕೆ ಇಷ್ಟಾದರೆ ಗಂಟೆಗೆ 74 ಕೆಜಿ. ಫಲಕದ ಮೇಲೆ ಬರೆಯಬೇಕಾದ ಸಂಖ್ಯೆ 70, ಏಕೆಂದರೆ ಪೂರ್ತಿ ಗಂಟೆ ಓಡಿಸುವಾಗ ಚೀಲ ಬದಲಿಸಲು, ಸಿಪ್ಪೆ ಎಳೆಯಲು ಒಂದಷ್ಟು ಹೊತ್ತು ಹೋಗಿಯೇ ಹೋಗುತ್ತದೆ. ಅದನ್ನು 100 ಎಂದು ಬರೆಯುವ ಆಸೆ ತಯಾರಕರಿಗೆ ಇರುತ್ತದೆ. ಆದರೆ ಮೇಳಕ್ಕೆ ಬಂದವರು ಒಂದೇ ಸಾಲಿನಲ್ಲಿ ನಾಲ್ಕು ಯಂತ್ರ ನೋಡುತ್ತಾರೆ. ಎಲ್ಲರೂ 100 ಎಂದು ಬರೆದಿರುವಾಗ ಆ ಸಂಖ್ಯೆ ಯಾವುದನ್ನೂ ಹೇಳುವುದಿಲ್ಲ. ಒಡಕು ಸಾವಿರಕ್ಕೆ 25 ಎಂದು ಬರೆದವರು ಒಬ್ಬರೇ ಇರುತ್ತಾರೆ, ಜನ ನಿಲ್ಲುವುದು ಅಲ್ಲಿ.

ಎಣಿಸಿದ ಮೂರೂ ಪಾಲುಗಳನ್ನು ಬಿಸಾಡಬಾರದು. ಒಂದೊಂದನ್ನೂ ಪ್ರತ್ಯೇಕ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಮಳಿಗೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಸುಲಿದ ಅಡಿಕೆ, ಒಡಕು, ಸುಲಿಯದ್ದು ಮತ್ತು ಸಿಪ್ಪೆ ಎಂದು ನಾಲ್ಕು ತಟ್ಟೆಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರ ಮುಂದೆ ಎಣಿಕೆಯ ಚೀಟಿ ಇಡಬೇಕು. ಜನ ಕೈಹಾಕಿ ಅಡಿಕೆ ಎತ್ತಿ ಉಗುರಿನಿಂದ ಕೆರೆದು ನೋಡುತ್ತಾರೆ, ಅದಕ್ಕೆ ಬಿಡಬೇಕು. ಒಡಕಿನ ತಟ್ಟೆಯನ್ನು ಹಿಂದೆ ಇಡುವುದು, ಅದರ ಮೇಲೆ ಗಾಜು ಮುಚ್ಚುವುದು ಮಾಡಿದರೆ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ.

ನೆಲದ ನಕ್ಷೆ

ಆಯೋಜಕರು ಟೇಬಲನ್ನು ಮಳಿಗೆಯ ಬಾಯಿಗೆ ಅಡ್ಡ ಇಟ್ಟಿರುತ್ತಾರೆ. ಹಾಗೇ ಬಿಟ್ಟರೆ ಬಂದವರು ಹೊರಗೆ ನಿಂತು ಕರಪತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ, ಯಂತ್ರದ ಹತ್ತಿರ ಬರುವುದೇ ಇಲ್ಲ. ಟೇಬಲನ್ನು ಬಲಗೋಡೆಗೆ ತಾಗಿಸಿ ಇಡಬೇಕು.

ಯಂತ್ರ ಎಡಭಾಗಕ್ಕೆ. ಬೆಲ್ಟ್ ಇರುವ ಬದಿ ಎಡಗೋಡೆಯ ಕಡೆಗಿರಲಿ, ಗೋಡೆಗೂ ಯಂತ್ರಕ್ಕೂ ನಡುವೆ 1 ಅಡಿ. ಸುಲಿದ ಅಡಿಕೆ ಬೀಳುವ ಬಾಯಿ ದಾರಿಯ ಕಡೆ ಮುಖ ಮಾಡಿರಬೇಕು. ಕಾಯಿ ಹಾಕುವವನು ಯಂತ್ರದ ಹಿಂದೆ ನಿಲ್ಲುತ್ತಾನೆ, ಅವನಿಗೆ ಎರಡೂವರೆ ಅಡಿ ಬಿಡಬೇಕು. ಅಗಲದ ಲೆಕ್ಕ ಹೀಗೆ ಬರುತ್ತದೆ: ಗೋಡೆಯ ಸಂದು 1, ಯಂತ್ರ ಎರಡೂವರೆ, ಬಲಕ್ಕೆ ತಡೆಸರಳು 1, ಒಟ್ಟು ನಾಲ್ಕೂವರೆ ಅಡಿ. ಉಳಿದ ಐದೂವರೆಯಲ್ಲಿ 2 ಅಡಿ ಟೇಬಲಿಗೆ, ಮೂರೂವರೆ ಅಡಿ ಓಡಾಟಕ್ಕೆ. ಇಬ್ಬರು ಎದುರುಬದುರು ಹಾಯುವಷ್ಟು ಜಾಗ ಅದು. ಆಳದಲ್ಲಿ ಮುಂದಿನ ತಡೆಸರಳಿಗೆ 1, ಯಂತ್ರಕ್ಕೆ 4, ಆಳು ನಿಲ್ಲಲು ಎರಡೂವರೆ, ಹಿಂದಿನ ಫಲಕದ ಕಾಲುಗಳಿಗೆ ಒಂದೂವರೆ, ಒಟ್ಟು 9 ಅಡಿ. ಉಳಿದ 1 ಅಡಿ ಬೇಕೇ ಬೇಕು, ಏಕೆಂದರೆ ಶಾಮಿಯಾನದವರ 10 ಅಡಿ ಕಂಬದ ನಡುವಿನಿಂದ ಅಳೆದದ್ದು. ಅಂಚಿನ ಬಟ್ಟೆಯ ಜೋಲು ಕಳೆದರೆ ಒಳಗೆ ಸಿಗುವುದು ಯಾವಾಗಲೂ ಕಡಿಮೆ.

ಗದ್ದೆ, ಮೈದಾನದ ನೆಲ ಸಮ ಇರುವುದಿಲ್ಲ. ಮೇಲೆ ಹಾಸಿದ ಕಾರ್ಪೆಟ್ಟಿನ ಮೇಲೆ ಯಂತ್ರವನ್ನು ನೇರವಾಗಿ ಇಟ್ಟರೆ ಓಡುವಾಗ ನಿಧಾನಕ್ಕೆ ಜರುಗುತ್ತದೆ, ಬೆಲ್ಟಿನ ಸಾಲು ತಪ್ಪಿ ಕಿರುಗುಟ್ಟುತ್ತದೆ. 19 ಮಿಮೀ ಪ್ಲೈವುಡ್ಡಿನ ಹಲಗೆಯನ್ನು ಯಂತ್ರದ ಪಾದಕ್ಕಿಂತ ಎಲ್ಲ ಕಡೆ ಅರ್ಧ ಅಡಿ ದೊಡ್ಡದಾಗಿ ಕತ್ತರಿಸಿ, ಮಟ್ಟಗೋಲು ಇಟ್ಟು, ಅಡಿಗೆ ಚೂರು ಹಲಗೆ ಕೊಟ್ಟು ಸಮ ಮಾಡಿ, ನಾಲ್ಕು ಕಾಲಿಗೂ ರಬ್ಬರ್ ಪ್ಯಾಡ್ ಹಾಕಿದರೆ ಆ ತೊಂದರೆ ಇರುವುದಿಲ್ಲ. ಬೆಲ್ಟಿನ ಮೇಲೆ ಪೂರ್ತಿ ಗಾರ್ಡ್ ಇರಬೇಕು. ಮಾರಾಟದ ಯಂತ್ರಕ್ಕೆ ಜಾಳಿಗೆಯ ಗಾರ್ಡ್ ಸಾಕೆನಿಸಿದರೂ ಮೇಳದಲ್ಲಿ ಮಕ್ಕಳ ಬೆರಳು ತೂರದಷ್ಟು ಸಣ್ಣ ಕಣ್ಣಿನದ್ದು ಅಥವಾ ತಗಡಿನದ್ದೇ ಆಗಬೇಕು.

ಹಿಂಬದಿಯ ಫಲಕ

ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಇರುವಾಗ ಚೌಕಟ್ಟನ್ನು ಬಾಡಿಗೆಗೆ ತರುವ ಅಗತ್ಯವಿಲ್ಲ. ಒಂದಿಂಚಿನ ಚೌಕ ಪೈಪು, 18 ಗೇಜು, 20 ಅಡಿಯದ್ದು ನಾಲ್ಕು ಸಾಕು. 4 ಅಡಿ ಅಗಲ 7 ಅಡಿ ಎತ್ತರದ ಎರಡು ಚೌಕಟ್ಟು ಮಾಡಿ, ನಡುವೆ ಮೂರು ಕಡೆ ಬೋಲ್ಟ್ ಹಾಕಿ ಜೋಡಿಸಿದರೆ 8 ಅಡಿ ಅಗಲದ ಗೋಡೆ ಸಿಗುತ್ತದೆ. ಒಂದೊಂದಕ್ಕೆ 7 ಅಡಿಯ ಎರಡು ನಿಲುವು, 4 ಅಡಿಯ ಮೂರು ಅಡ್ಡ. ಹಿಂದಕ್ಕೆ ಆನಿಕೆಯಾಗಿ 6 ಅಡಿಯ ತುಂಡು ಒಂದೊಂದು. ಒಂದು ಚೌಕಟ್ಟಿನ ತೂಕ ಸುಮಾರು 7 ಕೆಜಿ, ಒಬ್ಬನೇ ಎತ್ತಬಹುದು, ಪಿಕಪ್ಪಿನಲ್ಲಿ ಯಂತ್ರದ ಪಕ್ಕ ನಿಲ್ಲಿಸಿ ಕಟ್ಟಬಹುದು. ಬಟ್ಟೆ ಕಟ್ಟಿದ ಮೇಲೆ ಇದು ಗಾಳಿ ಹಿಡಿಯುತ್ತದೆ. ಆನಿಕೆಯ ಬುಡಕ್ಕೆ ಮರಳಿನ ಚೀಲ ಹೇರಿ, ತುದಿಯನ್ನು ಶಾಮಿಯಾನದ ಕಂಬಕ್ಕೆ ಕಟ್ಟಲೇಬೇಕು.

ಮುದ್ರಣ ಬಟ್ಟೆಯ ಮೇಲೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಯನ್ನು ನಾಲ್ಕೂ ಕಡೆ 3 ಇಂಚು ಹೆಚ್ಚು ಮುದ್ರಿಸಿಕೊಂಡು ಪೈಪಿನ ಹಿಂದಕ್ಕೆ ಮಡಚಿ, ಒಂದೂವರೆ ಅಡಿಗೊಂದರಂತೆ ಐಲೆಟ್ ಹಾಕಿಸಿ ಕೇಬಲ್ ಟೈನಿಂದ ಬಿಗಿಯಬೇಕು. ಮೊದಲು ಮೇಲಿನ ನಡುಭಾಗ, ಆಮೇಲೆ ಕೆಳಗಿನ ನಡುಭಾಗ, ಕೊನೆಗೆ ಮೂಲೆಗಳು. ಮೂಲೆಯಿಂದ ಶುರುಮಾಡಿದರೆ ನಡುವೆ ಬಂದ ಸುಕ್ಕು ಹೋಗುವುದಿಲ್ಲ.

ಬಟ್ಟೆಯಲ್ಲಿ ಎರಡು ತೊಂದರೆ ಬರುತ್ತವೆ. ಮಧ್ಯಾಹ್ನ ಬಿಸಿಲು ಹಿಂದಿನಿಂದ ಬಿದ್ದರೆ ಬಟ್ಟೆ ಹೊಳೆದು ಅಕ್ಷರ ಮಸಕಾಗುತ್ತದೆ, ಹಿಂದೆ ನಿಂತವರ ನೆರಳು ಕೂಡ ಕಾಣುತ್ತದೆ. ಅದಕ್ಕೆ ಕಪ್ಪು ಅಸ್ತರಿ ಬಟ್ಟೆಯನ್ನು ಹಿಂದೆ ಕಟ್ಟಬೇಕು. ಇನ್ನೊಂದು, ಶಾಯಿ ನೂಲಿನಲ್ಲಿ ತುಸು ಹರಡುವುದರಿಂದ ತೀರ ದಪ್ಪ ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಬಾಲೂ ತಮ್ಮ 2 ಫಾಂಟು ತಲೆಬರಹಕ್ಕೆ ಚೆನ್ನಾಗಿದೆ, ಆದರೆ ಅದರ ಅತಿ ದಪ್ಪ ರೂಪ ಬೇಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಾಕು. ಫ ಮತ್ತು ಪ, ಧ ಮತ್ತು ದ ಬೇರೆ ಬೇರೆಯಾಗಿ ಕಾಣುವುದು ಹೊಟ್ಟೆಯೊಳಗಿನ ಅಥವಾ ಬುಡದ ಸಣ್ಣ ಸೀಳಿನಿಂದ. ಶಾಯಿ ಆ ಸೀಳನ್ನು ತುಂಬಿದರೆ ದೂರಕ್ಕೆ ಎರಡೂ ಒಂದೇ.

ಅಕ್ಷರದ ಎತ್ತರಕ್ಕೆ ಫಲಕ ಬರೆಯುವವರು ಬಳಸುವ ಲೆಕ್ಕ 10 ಅಡಿ ದೂರಕ್ಕೆ 1 ಇಂಚು. ಕನ್ನಡದಲ್ಲಿ ಆ ಇಂಚನ್ನು ಅಳೆಯಬೇಕಾದದ್ದು ಮೂಲ ಅಕ್ಷರದ ಮೈಯನ್ನು ಮಾತ್ರ, ಮೇಲಿನ ಗುಡಿಸು ಕೆಳಗಿನ ಒತ್ತು ಸೇರಿಸಿ ಅಲ್ಲ. ದಾರಿಯ ಆಚೆ ಬದಿಯಿಂದ ಈ ಫಲಕಕ್ಕೆ ಸುಮಾರು 20 ಅಡಿ, ಅಂದರೆ ಕನಿಷ್ಠ 2 ಇಂಚು. ತಲೆಬರಹ ನಡೆಯುತ್ತಲೇ ಕಣ್ಣಿಗೆ ಬೀಳಬೇಕಾದ್ದರಿಂದ ಅದಕ್ಕೆ 4 ಇಂಚು ಕೊಟ್ಟಿದೆ. ಸಾಲುಗಳ ನಡುವಿನ ಅಂತರವನ್ನು ಕಂಪ್ಯೂಟರ್ ತಾನಾಗಿ ಕೊಟ್ಟದ್ದಕ್ಕೆ ಬಿಡಬಾರದು. ತಲೆಬರಹ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರ ಇಟ್ಟರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ, ಆದರೂ ಎಲ್ಲಿ ಒತ್ತಿನ ಕೆಳಗೆ ಗುಡಿಸು ಬಂದಿದೆ ಎಂದು ಕಣ್ಣಿಂದಲೇ ನೋಡಿ ತಿದ್ದಬೇಕು.

ನೆಲದಿಂದ 4 ಅಡಿಯ ಕೆಳಗೆ ಒಂದಕ್ಷರವನ್ನೂ ಬರೆದಿಲ್ಲ. ಆ ಭಾಗ ಯಂತ್ರ ಮತ್ತು ಜನರ ಹಿಂದೆ ಮುಚ್ಚಿಹೋಗುತ್ತದೆ, ಅಲ್ಲಿ ಒಂದೇ ಬಣ್ಣ ಸಾಕು. ಮೇಲಿನ 3 ಅಡಿಯಲ್ಲಿ ಇಷ್ಟೇ ಇದೆ: "ಒಣ ಅಡಿಕೆ ಸುಲಿಯುವ ಯಂತ್ರ" ಎಂಬ ಸಾಲು, ಅದರ ಕೆಳಗೆ "1,000 ಕಾಯಿಗೆ ಒಡಕು 25, ಸುಲಿಯದ್ದು 45", ಇನ್ನೊಂದು ಸಾಲಿನಲ್ಲಿ "ಗಂಟೆಗೆ 70 ಕೆಜಿ, ಮನೆಯ ಸಿಂಗಲ್ ಫೇಸ್ ಕರೆಂಟಿಗೆ", ಬಲಮೂಲೆಯಲ್ಲಿ ತಯಾರಕರ ಹೆಸರು ಮತ್ತು ಊರು. ಯಂತ್ರದ ಚಿತ್ರ ಇಲ್ಲ. ಯಂತ್ರವೇ ಎದುರಿಗಿರುವಾಗ ಅದರ ಚಿತ್ರಕ್ಕೆ ಜಾಗ ಕೊಡುವುದು ವ್ಯರ್ಥ. ಹೆಸರು ದೊಡ್ಡದಾಗಿ ಮೇಲೆ ಇರಬೇಕೆಂದು ತಯಾರಕರು ಕೇಳುವುದು ಸಹಜ, ಆದರೆ ಹೊಸಬರಿಗೆ ಆ ಹೆಸರು ಏನನ್ನೂ ತಿಳಿಸುವುದಿಲ್ಲ. ಮೊದಲು ಯಾವ ಯಂತ್ರ ಎಂದು ತಿಳಿಯಬೇಕು, ಆಮೇಲೆ ಯಾರದ್ದು.

ಯಂತ್ರ ಓಡುವಾಗ ಸದ್ದಿಗೆ ಮಾತು ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಉತ್ತರ ಹೇಳುವುದು ಈ ಮೂರು ಸಾಲುಗಳೇ.

ಕರೆಂಟು ಮತ್ತು ಕಾಯಿ

ಮೇಳದಲ್ಲಿ ಪ್ರಾತ್ಯಕ್ಷಿಕೆ ಕೆಡುವುದು ಹೆಚ್ಚಾಗಿ ಈ ಎರಡರಿಂದ, ಯಂತ್ರದ ದೋಷದಿಂದಲ್ಲ.

2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಹೊರೆ ಹೊತ್ತು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಐದು ಪಟ್ಟು. ಮಳಿಗೆಗೆ ಕೊಟ್ಟಿರುವ ಸಣ್ಣ ಪ್ಲಗ್ ದೀಪಕ್ಕೆ, ಮೊಬೈಲ್ ಚಾರ್ಜಿಗೆ. ಮಳಿಗೆ ಗೊತ್ತುಮಾಡುವಾಗಲೇ 15 ಆಂಪಿಯರಿನ ಪ್ರತ್ಯೇಕ ಪಾಯಿಂಟ್ ಬೇಕೆಂದು ಬರೆದುಕೊಡಬೇಕು. ಅಷ್ಟಕ್ಕೇ ಸಾಲದು. ಕರೆಂಟು ಹಂಚುವ ಡಿಬಿ ಬಾಕ್ಸಿನಿಂದ ಮಳಿಗೆಗೆ 40 ಮೀಟರ್ ಇದ್ದು, 1.5 ಚದರ ಮಿಮೀ ತಂತಿ ಎಳೆದಿದ್ದರೆ ಶುರುವಾಗುವಾಗಿನ 50 ಆಂಪಿಯರಿಗೆ ತಂತಿಯಲ್ಲೇ ಸುಮಾರು 58 ವೋಲ್ಟ್ ಕಳೆದುಹೋಗುತ್ತದೆ. 230 ಇದ್ದದ್ದು 172ಕ್ಕೆ ಇಳಿಯುತ್ತದೆ. ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ನಾಲ್ಕು ಸಲ ಹಾಗೇ ಪ್ರಯತ್ನಿಸಿದರೆ ಸ್ಟಾರ್ಟಿಂಗ್ ಕೆಪಾಸಿಟರ್ ಸುಡಬಹುದು. ಅದೇ ದೂರಕ್ಕೆ 2.5 ಚದರ ಮಿಮೀ ತಂತಿ ಹಾಕಿದರೆ ನಷ್ಟ 36 ವೋಲ್ಟಿಗೆ ನಿಲ್ಲುತ್ತದೆ. 194 ವೋಲ್ಟಿಗೆ ಖಾಲಿ ಯಂತ್ರ ಎದ್ದುಕೊಳ್ಳುತ್ತದೆ. ಹಾಗಾಗಿ 2.5ರ ಮೂರು ಕೋರಿನ ತಾಮ್ರದ ಕೇಬಲ್ಲನ್ನು ನಾವೇ ಒಯ್ಯುವುದು ಕ್ಷೇಮ. ಮಿಕ್ಕ ಕೇಬಲ್ಲನ್ನು ಸುತ್ತಿದ ಹಾಗೇ ಬಿಡಬಾರದು, ಸುರುಳಿಯೊಳಗೆ ಬಿಸಿ ಸೇರಿ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಪೂರ್ತಿ ಬಿಚ್ಚಿ ಗೋಡೆಯ ಬುಡದುದ್ದಕ್ಕೂ ಹಾಸಬೇಕು. ಯಂತ್ರದ ಮೈಗೆ ಅರ್ತಿಂಗ್ ಮತ್ತು ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಜನರ ನಡುವೆ ಓಡಿಸಲೇಬಾರದು.

ಇನ್ನು ಕಾಯಿ. ಶಿರಸಿಯ ಸುತ್ತ ಕೊನೆಕೊಯ್ಲು ಮುಗಿದು ಗೋಟು ಒಣಗುವ ಹೊತ್ತಿಗೆ ಮೇಳ ಇದ್ದರೆ ಒಳ್ಳೆಯ ಕಾಯಿ ಎಲ್ಲೆಲ್ಲೂ ಸಿಗುತ್ತದೆ. ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಆಗ ಕೈಯಲ್ಲಿರುವುದು ಹಿಂದಿನ ವರ್ಷದ ಗೋಟು, ಅದೂ ಮಲೆನಾಡಿನ ಮಳೆಗಾಲ ಕಳೆದದ್ದು. ತೇವ ಹೀರಿದ ಸಿಪ್ಪೆ ತೊಗಲಿನಂತೆ ಬಾಗುತ್ತದೆಯೇ ಹೊರತು ಸೀಳುವುದಿಲ್ಲ. ವರ್ಕ್‌ಶಾಪಿನಲ್ಲಿ ಸಾವಿರಕ್ಕೆ 45 ಇದ್ದ ಸುಲಿಯದ ಕಾಯಿ ಮೇಳದಲ್ಲಿ ಕಣ್ಣಿಗೆ ಹೊಡೆಯುವಷ್ಟು ಹೆಚ್ಚುತ್ತದೆ. ಆಗ ಬ್ಲೇಡಿನ ಸಂದು ಬಿಗಿಮಾಡಲು ಹೋದರೆ ಒಡಕು ಹೆಚ್ಚುತ್ತದೆ. ಸರಿಯಾದ ದಾರಿ ಕಾಯಿಯನ್ನು ಮತ್ತೆ ಒಣಗಿಸುವುದು: ಬಿಸಿಲಿದ್ದರೆ ಎರಡು ದಿನ, ಇಲ್ಲದಿದ್ದರೆ ಡ್ರೈಯರಿನಲ್ಲಿ, ಗಡಗಡ ಸದ್ದು ಬರುವವರೆಗೆ. ಆರಿದ ಮೇಲೆ ಪ್ಲಾಸ್ಟಿಕ್ ಒಳಚೀಲಕ್ಕೆ ತುಂಬಿ ಬಾಯಿ ಬಿಗಿದು, ಒಂದೊಂದು ಓಟಕ್ಕೆ ಬೇಕಾದಷ್ಟೇ ಬಿಚ್ಚಬೇಕು.

ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಓಡಿಸಿದರೆ ಸಾಕು. ಒಂದು ಓಟಕ್ಕೆ 300 ಕಾಯಿ ಹಿಡಿದರೆ ದಿನಕ್ಕೆ ಹದಿನಾರು ಓಟಕ್ಕೆ 4,800 ಕಾಯಿ ಬೇಕು. ಸಿಪ್ಪೆಯ ಬಾಯಿಗೆ ಗೋಣಿಚೀಲ ಕಟ್ಟಿರಬೇಕು, ಇಲ್ಲದಿದ್ದರೆ ಒಣ ನಾರಿನ ದೂಳು ಪಕ್ಕದ ಮಳಿಗೆಗೆ ಹಾರುತ್ತದೆ. ತುಂಬಿದ ಚೀಲವನ್ನು ಮಳಿಗೆಯೊಳಗೆ, ಅದರಲ್ಲೂ ದೀಪದ ಹತ್ತಿರ, ಪೇರಿಸಿಡಬಾರದು. ಒಣ ಸಿಪ್ಪೆ ಬೇಗ ಹೊತ್ತಿಕೊಳ್ಳುತ್ತದೆ.

ಕರಪತ್ರ

ಮೇಳದಲ್ಲಿ ಯಂತ್ರ ನೋಡಿದವನು ಒಬ್ಬ. ಕೊಳ್ಳುವ ತೀರ್ಮಾನ ಮನೆಯಲ್ಲಿ, ಎಷ್ಟೋ ದಿನದ ಮೇಲೆ, ಯಂತ್ರ ನೋಡದ ಇನ್ನಿಬ್ಬರ ಜೊತೆ ಕೂತು ಆಗುತ್ತದೆ. ಕರಪತ್ರವನ್ನು ಆ ಇಬ್ಬರಿಗಾಗಿ ಬರೆಯಬೇಕು.

ಎ4 ಹಾಳೆಯನ್ನು ಒಮ್ಮೆ ಮಡಚಿ ನಾಲ್ಕು ಪುಟ ಮಾಡಿದೆ. ಮೂರು ಮಡಿಕೆಯದ್ದು ನೋಡಲು ಚೆಂದ, ಆದರೆ ಅದರ ಒಂದು ಪಟ್ಟಿಯಲ್ಲಿ ಬರಹಕ್ಕೆ ಸಿಗುವುದು 8 ಸೆಂಮೀ ಅಗಲ. ಕನ್ನಡದ ಉದ್ದುದ್ದ ಪದಗಳಿಗೆ ಅದು ಸಾಲದು, ಸಾಲಿಗೆ ಮೂರು ನಾಲ್ಕು ಪದ ಕೂತು ನಡುವೆ ದೊಡ್ಡ ಸಂದುಗಳು ಬೀಳುತ್ತವೆ, ಕೋಷ್ಟಕ ಕೂರುವುದೇ ಇಲ್ಲ. ಕಾಗದ 100 ಜಿಎಸ್‌ಎಂ ಮ್ಯಾಪ್ಲಿಥೋ. ಹೊಳೆಯುವ ಆರ್ಟ್ ಪೇಪರಿನ ಮೇಲೆ ಬಾಲ್‌ಪೆನ್ನಿನಿಂದ ಬರೆದರೆ ಒರೆಸಿಹೋಗುತ್ತದೆ, ಈ ಕರಪತ್ರದ ಮೇಲಂತೂ ಮಳಿಗೆಯಲ್ಲೇ ಬರೆದುಕೊಡುವುದು ಬಹಳ ಇರುತ್ತದೆ.

ಮೊದಲ ಪುಟದಲ್ಲಿ ಯಂತ್ರದ ಚಿತ್ರ, ಪಕ್ಕದಲ್ಲಿ ಒಬ್ಬ ಆಳು ನಿಂತಂತೆ. ಎತ್ತರ ಎಷ್ಟೆಂದು ಅದರಿಂದಲೇ ತಿಳಿಯುತ್ತದೆ. ಎರಡನೆಯ ಪುಟದಲ್ಲಿ 1,000 ಕಾಯಿಯ ಪರೀಕ್ಷೆ, ಕಾಯಿ ಆರಿಸಿಲ್ಲ ಮತ್ತು ಒಣಗಿದ್ದು ಎಂಬ ಮಾತಿನ ಸಮೇತ. ಹಸಿ ಅಡಿಕೆಗೆ ಈ ಯಂತ್ರ ಅಲ್ಲ ಎಂಬುದನ್ನೂ ಅಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದೆ. ಅದನ್ನು ಬಿಟ್ಟರೆ ಹಸಿ ಕಾಯಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವವರು ತೆಗೆದುಕೊಂಡು ಹೋಗಿ ವಾಪಸು ತರುತ್ತಾರೆ.

ಮೂರನೆಯ ಪುಟ ನನ್ನ ಲೆಕ್ಕದಲ್ಲಿ ಅತಿ ಮುಖ್ಯವಾದದ್ದು, ಮತ್ತು ಬೇರೆಯವರ ಕರಪತ್ರಗಳಲ್ಲಿ ಇಲ್ಲದ್ದು. ಯಂತ್ರ ಇಡಲು ಬೇಕಾದ ಜಾಗ, ಬಾಗಿಲಿನ ಅಗಲ, ಎಷ್ಟು ಜನ ಬೇಕು, ಯಾವ ದಪ್ಪದ ತಂತಿ ಬೇಕು. ಅದರ ಕೆಳಗೆ ಸವೆಯುವ ಭಾಗಗಳ ಪಟ್ಟಿ: ಬೆಲ್ಟ್ ಬಿ-52 ಎರಡು, ಬೇರಿಂಗ್ ಯುಸಿಪಿ 205 ನಾಲ್ಕು, ಕೆಪಾಸಿಟರಿನ ಮೈಕ್ರೋಫ್ಯಾರಡ್, ಬ್ಲೇಡ್ ತಯಾರಕರಲ್ಲೇ ಸಿಗುವುದು. ಬೆಲ್ಟ್, ಬೇರಿಂಗಿನ ಸಂಖ್ಯೆ ಅಚ್ಚಾಗಿದ್ದರೆ ಸಿದ್ದಾಪುರದ ಒಳಹಳ್ಳಿಯವರು ಪೇಟೆಯ ಅಂಗಡಿಯಲ್ಲಿ ತಾವೇ ಕೊಂಡು ಹಾಕಿಕೊಳ್ಳಬಹುದು, ಬೆಲ್ಟೊಂದಕ್ಕಾಗಿ ಮೆಕ್ಯಾನಿಕ್ಕಿನ ದಾರಿ ಕಾಯಬೇಕಿಲ್ಲ. ಭಾಗದ ಸಂಖ್ಯೆ ಕೊಟ್ಟರೆ ಬಿಡಿಭಾಗದ ವ್ಯಾಪಾರ ಕೈತಪ್ಪುತ್ತದೆ ಎಂಬ ಹೆದರಿಕೆ ತಯಾರಕರಲ್ಲಿ ಇರುತ್ತದೆ. ಬೆಲ್ಟಿನಲ್ಲಿ ಬರುವ ಲಾಭಕ್ಕಿಂತ ಸುಗ್ಗಿಯಲ್ಲಿ ನಿಂತುಹೋದ ಯಂತ್ರ ತರುವ ಕೆಟ್ಟ ಹೆಸರು ದೊಡ್ಡದು.

ಬೆಲೆ ನಾಲ್ಕನೆಯ ಪುಟದಲ್ಲಿ, ಖಾಲಿ ಗೆರೆಗಳಾಗಿ. ಯಂತ್ರ, ಮೋಟರ್, ಜಿಎಸ್‌ಟಿ, ಸಾಗಣೆ, ಇವಕ್ಕೆ ಒಂದೊಂದು ಗೆರೆ, ಕೊನೆಗೆ ಬರೆದ ದಿನಾಂಕ. ಮೋಟರ್ ಸೇರಿದೆಯೋ ಇಲ್ಲವೋ ಎಂಬುದೇ ಈ ವ್ಯಾಪಾರದಲ್ಲಿ ಹೆಚ್ಚು ಜಗಳ ತರುವ ವಿಷಯ, ಗೆರೆ ಬೇರೆ ಇದ್ದರೆ ಆ ಮಾತೇ ಬರುವುದಿಲ್ಲ. ಸಬ್ಸಿಡಿ ಎಂಬ ಪದವನ್ನು ಇದೇ ಮಾದರಿಯ ಯಂತ್ರ ಇಲಾಖೆಯ ಪಟ್ಟಿಯಲ್ಲಿ ಇಲ್ಲದೆ ಅಚ್ಚುಹಾಕಬಾರದು. ಕ್ಯೂಆರ್ ಕೋಡ್ ಎರಡೂವರೆ ಸೆಂಮೀ ಚೌಕ, ಸುತ್ತ ಬಿಳಿ ಅಂಚು ಬಿಟ್ಟು, ಯಂತ್ರ ಓಡುವ ವಿಡಿಯೋಗೆ. ಘಟ್ಟದ ಕೆಳಗೂ ಮೇಲೂ ನೆಟ್‌ವರ್ಕ್ ಇಲ್ಲದ ಮನೆಗಳಿವೆ, ಆದ್ದರಿಂದ ಬೇಕಾದ ಯಾವ ಮಾಹಿತಿಯನ್ನೂ ಅದರೊಳಗೆ ಮಾತ್ರ ಇಟ್ಟಿಲ್ಲ.

ಅಚ್ಚಿಗೆ ಕೊಡುವಾಗ

ಊರಿನ ಎಷ್ಟೋ ಮುದ್ರಣಾಲಯಗಳಲ್ಲಿ ಈಗಲೂ ಹಳೆಯ ನುಡಿ ಫಾಂಟಿನಲ್ಲೇ ಕೆಲಸ. ವಾಟ್ಸಪ್ಪಿನಲ್ಲಿ ಕಳಿಸಿದ ಯುನಿಕೋಡ್ ಬರಹ ಅದರಲ್ಲಿ ಚಿತ್ರವಿಚಿತ್ರವಾಗಿ ಕಾಣುತ್ತದೆ, ಆಪರೇಟರ್ ಮತ್ತೆ ಕುಟ್ಟುತ್ತಾರೆ, ಸಂಖ್ಯೆಗಳು ತಪ್ಪುವುದು ಅಲ್ಲೇ. ಪರಿವರ್ತಕ ಬಳಸಿದರೂ ಅರ್ಕಾವತ್ತು ಮತ್ತು ಎರಡು ಒತ್ತಿನ ಅಕ್ಷರಗಳು ಜಾಗ ತಪ್ಪಬಹುದು. ಹೀಗಾಗಿ ಪುಟವನ್ನು ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ, ಮೈಬರಹ 12 ಪಾಯಿಂಟಿನಲ್ಲಿ ಮಾಡಿ, ಅಕ್ಷರಗಳನ್ನೆಲ್ಲ ಆಕಾರವಾಗಿ ಬದಲಿಸಿ ಪಿಡಿಎಫ್ ಕೊಟ್ಟಿದೆ:

```
inkscape --export-text-to-path --export-filename=patra.pdf patra.svg
```

ಹೀಗೆ ಕೊಟ್ಟರೆ ಯಾವ ಕಂಪ್ಯೂಟರಿನಲ್ಲೂ ಒತ್ತು ಅಲ್ಲಾಡುವುದಿಲ್ಲ. ತಿದ್ದುಪಡಿ ಬಂದರೆ ಮಾತ್ರ ಮೂಲ ಫೈಲಿಗೇ ಹೋಗಬೇಕು. ಅಂಚಿನವರೆಗೆ ಬಣ್ಣ ಇರುವ ಕಡೆ 3 ಮಿಮೀ ಹೊರಗೆ ಚಾಚಿರಬೇಕು. ಈ ಪಿಡಿಎಫ್ಫಿನಲ್ಲಿ ಕಪ್ಪು ಬಣ್ಣ ಕಂಪ್ಯೂಟರ್ ಪರದೆಯ ಲೆಕ್ಕದ್ದಾಗಿರುತ್ತದೆ, ಪ್ಲೇಟ್ ಮಾಡುವಾಗ ಅದು ನಾಲ್ಕು ಶಾಯಿಯ ಕಪ್ಪಾಗಿ ಒಡೆಯುತ್ತದೆ. ನಾಲ್ಕು ಪ್ಲೇಟು ಕೂದಲೆಳೆಯಷ್ಟು ತಪ್ಪಿ ಕೂತರೂ ಒತ್ತಕ್ಷರಗಳ ಸುತ್ತ ಕೆಂಪು, ನೀಲಿ ಅಂಚು ಕಾಣುತ್ತದೆ. ಮೈಬರಹವನ್ನು ಕಪ್ಪು ಶಾಯಿ ಒಂದರಲ್ಲೇ ಇಡಲು ಆಪರೇಟರಿಗೆ ಹೇಳಿ, ಪ್ರೂಫಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು.

ಪ್ರೂಫ್ ಓದುವಾಗ ಮೊದಲು ಫೋನ್ ಸಂಖ್ಯೆಗೆ ಕಾಗದದಿಂದಲೇ ನೋಡಿ ಕರೆ ಮಾಡಬೇಕು. ಆಮೇಲೆ ಬೆಲ್ಟ್, ಬೇರಿಂಗಿನ ಸಂಖ್ಯೆಗಳನ್ನು ಯಂತ್ರದ ಮೇಲಿರುವುದರೊಂದಿಗೆ ತಾಳೆ ನೋಡಬೇಕು, ಬಿಲ್ಲಿನೊಂದಿಗೆ ಅಲ್ಲ, ಏಕೆಂದರೆ ವರ್ಕ್‌ಶಾಪಿನಲ್ಲಿ ಪುಲ್ಲಿ ಬದಲಾದಾಗ ಬೆಲ್ಟಿನ ಉದ್ದವೂ ಸದ್ದಿಲ್ಲದೆ ಬದಲಾಗಿರುತ್ತದೆ. ಇದೇ ಕಾರಣಕ್ಕೆ ಕೊನೆಯ ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ತಿಂಗಳು, ವರ್ಷ ಮತ್ತು ಯಂತ್ರದ ಮಾದರಿ ಸಂಖ್ಯೆ ಹಾಕಿದೆ. ಮಾದರಿ ಬದಲಾದ ದಿನ ಉಳಿದ ಕರಪತ್ರಗಳನ್ನು ಹೊಸ ಯಂತ್ರದ ಜೊತೆ ಹಂಚಬಾರದು. ಹಳೆಯ ಯಂತ್ರ ಕೊಂಡವರು ಬಿಡಿಭಾಗ ಕೇಳಿ ಬಂದಾಗ ಕೊಡಲು ಅವುಗಳ ಒಂದು ಕಟ್ಟನ್ನು ವರ್ಕ್‌ಶಾಪಿನಲ್ಲಿ ತೆಗೆದಿಟ್ಟರೆ ಸಾಕು.